ನೀಲಿಯೊಳಗಿನ ಕೆಂಪು

ಅವಳಿಗೆ ಚುಕ್ಕಿ ಎಂಬ ಹೆಸರು ಬಂದದ್ದು ಊರವರ ಮುಖದ ಮೇಲಿನ ಚುಕ್ಕಿಗಳನ್ನು ಅಳಿಸಿ ಅಳಿಸಿ. ಮೊಡವೆ, ಬೆವರುಗುಳ್ಳೆ, ಬಿಸಿಲಿಗೆ ಕೆಂಡವಾದ ಮೂಗು, ನೆಗಡಿಯಲ್ಲಿ ಒರೆಸಿ ಒರೆಸಿ ಕೆಂಪಾದ ಮೂಗಿನ ಹೊಳ್ಳೆ, ಹೀಗೆ ಮುಖಕ್ಕೆ ಬೇಡದ್ದು ಏನೇ ಇದ್ದರೂ ಅವಳ ಕಂಪ್ಯೂಟರಿನ ಮುಂದೆ ಹಾದುಹೋದ ಮೇಲೆ ಇರುತ್ತಿರಲಿಲ್ಲ. ಪಾಸ್‌ಪೋರ್ಟ್ ಫೋಟೊ ತೆಗೆಸಲು ಕೂತವರು "ಸ್ವಲ್ಪ ನೀಟಾಗಿ ಮಾಡಿಕೊಡಿ" ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಅದನ್ನು ಮಾಡಿ ಮುಗಿಸಿರುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಸ್ಟುಡಿಯೊ ಇತ್ತು, ಸ್ಟುಡಿಯೊದಲ್ಲಿ ಕಂಪ್ಯೂಟರ್ ಇತ್ತು, ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಗಂಡನಿಗೆ ಕ್ಯಾಮರಾ ಬಿಟ್ಟರೆ ಬೇರೆ ಲೋಕವಿಲ್ಲ. ಎಲ್ಲರ ಮದುವೆಯಲ್ಲೂ ಮಿಂಚಿ ಮಾಯವಾಗುವ ಅವನನ್ನು ಊರು ಫ್ಲ್ಯಾಶ್ ಎಂದು ಕರೆಯುತ್ತಿತ್ತು. ಅವನ ಅಮ್ಮ, ಅಂದರೆ ಚುಕ್ಕಿಯ ಅತ್ತೆ, ಮುಂದಿನ ಕೋಣೆಯಲ್ಲಿ ಕೂತು ಬಂದವರ ಕೂದಲು ಬಾಚಿಸುವುದು, ಕಾಲರ್ ಸರಿಮಾಡುವುದು, ಮಧ್ಯೆ ಅವರ ಮನೆಯ ಸುದ್ದಿಯನ್ನೆಲ್ಲ ಬಿಡಿಸಿಕೊಳ್ಳುವುದು ಮಾಡುತ್ತಿದ್ದರು.

ಚುಕ್ಕಿ ಕೂರುವ ಕೋಣೆ ಒಂದು ಅಲಮಾರಿಗಿಂತ ಸ್ವಲ್ಪ ದೊಡ್ಡದು. ಕಿಟಕಿಗೆ ಕಪ್ಪು ಬಟ್ಟೆ, ಗೋಡೆಗೆ ಬೂದು ಬಣ್ಣ. ಸುತ್ತ ಬೇರೆ ಬಣ್ಣವಿದ್ದರೆ ಕಂಪ್ಯೂಟರಿನ ತೆರೆಯ ಮೇಲಿನ ಬಣ್ಣದ ಬಗ್ಗೆ ಕಣ್ಣು ಸುಳ್ಳು ಹೇಳುತ್ತದೆ ಎಂದು ಅವಳೇ ಹಟ ಹಿಡಿದು ಬಳಿಸಿದ್ದು. ಅತ್ತೆ ಅದನ್ನು ಬೂದಿಗೂಡು ಎನ್ನುತ್ತಿದ್ದರು. "ನನ್ನ ಸೊಸೆ ಒಳಗೆ ಮೊಟ್ಟೆ ಇಡ್ತಿದ್ದಾಳೆ, ಆಮೇಲೆ ಬನ್ನಿ" ಎಂದು ಗಿರಾಕಿಗಳಿಗೆ ಹೇಳಿ ಒಬ್ಬರೇ ನಗುತ್ತಿದ್ದರು.

ಈ ಬೂದಿಗೂಡಿಗೆ ಆ ವಾರ ಬಂದದ್ದು ನಾಟಕ ಕಂಪನಿಯ ಕೆಲಸ.

ಕಂಪನಿಯನ್ನು ನಡೆಸುವವರು ಅಕ್ಕ ತಮ್ಮ. ಅಕ್ಕ ಬಣ್ಣ ಹಚ್ಚುವವರು, ತಮ್ಮ ಲೆಕ್ಕ ನೋಡುವವರು. ಅಕ್ಕನನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಅವರಿಗಿಂತ ದೊಡ್ಡವರು ಕೂಡ. ತಮ್ಮನನ್ನು ಮ್ಯಾನೇಜರ್ ಎನ್ನುತ್ತಿದ್ದರು, ಅವರ ಹೆಂಡತಿ ಕೂಡ. ಹೊಸ ನಾಟಕದಲ್ಲಿ ಕಡಲತಾಯಿಯದು ದೊಡ್ಡ ಪಾತ್ರ. ಲೋಕದ ನೀರು ಹುಟ್ಟಿದಾಗಲೇ ಹುಟ್ಟಿದವಳು, ಮೈಯೆಲ್ಲ ನೀಲಿ, ಮುಳುಗಿದ ದೋಣಿಗಳ ಲೆಕ್ಕ ಅವಳ ಬಳಿಯೇ ಇರುತ್ತದೆ. ದೊಡ್ಡಕ್ಕ ಬಹಳ ವರ್ಷ ರಾಣಿಯಾಗಿ, ಆಮೇಲೆ ರಾಣಿಯ ಗೆಳತಿಯಾಗಿ, ಆಮೇಲೆ ರಾಣಿಯ ಅಮ್ಮನಾಗಿ ಇಳಿಯುತ್ತಾ ಬಂದಿದ್ದರು. ಈಚೆಗೆ ತೆರೆಯ ಹಿಂದೆ ನಿಂತು ಸಂಭಾಷಣೆ ನೆನಪಿಸುವ ಕೆಲಸಕ್ಕೇ ಬಂದಿದ್ದರು. ಈ ಪಾತ್ರ ತನಗೇ ಬೇಕು ಎಂದು ಅವರು ಬಾಯಿಬಿಟ್ಟು ಕೇಳಿದ್ದರು. ಕೇಳುವ ಅಭ್ಯಾಸ ಅವರಿಗೆ ಇರಲಿಲ್ಲವಾದ್ದರಿಂದ ಆ ಮಾತು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಮ್ಯಾನೇಜರ್ ಇಲ್ಲ ಎನ್ನಲಿಲ್ಲ. ಆದರೆ ಅವರದು ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ. ಜನ ಟಿಕೆಟ್ ಕೊಳ್ಳುವುದು ಪೋಸ್ಟರಿನ ಮುಖ ನೋಡಿ. ಆ ಕಂಪನಿಯಲ್ಲಿ ಒಂದು ಹಳೆಯ ಕಟ್ಟುಪಾಡಿತ್ತು: ಪೋಸ್ಟರಿನಲ್ಲಿ ಯಾರ ಮುಖವೋ ಅವರದೇ ಪಾತ್ರ. ಹಿಂದೊಮ್ಮೆ ಗೋಡೆಯ ಮೇಲೆ ಒಬ್ಬಳು, ರಂಗದ ಮೇಲೆ ಇನ್ನೊಬ್ಬಳು ಆಗಿ, ಜನ ಕುರ್ಚಿ ಮುರಿದಿದ್ದರಂತೆ. ಅಂದಿನಿಂದ ಪೋಸ್ಟರ್ ಪ್ರೆಸ್ಸಿಗೆ ಹೋಗುವ ದಿನವೇ ಪಾತ್ರವೂ ತೀರ್ಮಾನ. ಹಾಗಾಗಿ ಮ್ಯಾನೇಜರ್ ಇಬ್ಬರ ಫೋಟೊ ತೆಗೆಸಿದರು, ದೊಡ್ಡಕ್ಕನದೊಂದು, ತಮ್ಮ ಸೊಸೆಯದೊಂದು. ಸೊಸೆ ಪಾಪ ಒಳ್ಳೆಯ ಹುಡುಗಿ. ಮಾವ ಹೇಳಿದರು, ಕೂತಳು. ಎರಡನ್ನೂ ನೀಲಿ ಮಾಡು, ಯಾವುದು ಚೆನ್ನಾಗಿ ಬರುತ್ತದೋ ಅದು ಗುರುವಾರ ಸಂಜೆ ಪ್ರೆಸ್ಸಿಗೆ ಎಂದು ಚುಕ್ಕಿಗೆ ಹೇಳಿಹೋದರು. ಬಾಗಿಲು ದಾಟುವಾಗ ದೊಡ್ಡಕ್ಕ ಚುಕ್ಕಿಯ ಭುಜದ ಮೇಲೆ ಒಂದು ಸಲ ಕೈ ಇಟ್ಟರು, ಅಷ್ಟೇ. ಆ ಕೈಯ ಭಾರ ಚುಕ್ಕಿಗೆ ಊಟದ ಹೊತ್ತಿನವರೆಗೂ ಇಳಿಯಲಿಲ್ಲ.

ಮುಖಕ್ಕೆ ನೀಲಿ ಬಣ್ಣವನ್ನೇ ಬಳಿದು ಫೋಟೊ ತೆಗೆಯಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಅದನ್ನೂ ಮಾಡಿ ನೋಡಿದ್ದರು. ರಂಗದ ಮೇಲೆ ದೂರದಿಂದ ಅದು ಸರಿ. ಕ್ಯಾಮರಾದ ಹತ್ತಿರಕ್ಕೆ ಬಂದರೆ ಬಣ್ಣ ದೊಡ್ಡಕ್ಕನ ಸುಕ್ಕುಗಳಲ್ಲಿ ಕೂತು ಒಣಗಿದ ಕೆರೆಯ ಹಾಗೆ ಬಿರುಕುಬಿಟ್ಟಿತ್ತು. ಹಾಗಾಗಿ ಮುಖ ತೊಳೆಸಿ, ಬರಿಯ ಚರ್ಮಕ್ಕೆ ನೀರು ಚಿಮುಕಿಸಿ, ಫ್ಲ್ಯಾಶ್ ಫೋಟೊ ತೆಗೆದಿದ್ದ. ಎಡಗಡೆಯಿಂದ ಹಳದಿ ಹಾಳೆ ಕಟ್ಟಿದ ಒಂದು ದೀಪ, ಮುಳುಗುವ ಸೂರ್ಯನ ಲೆಕ್ಕಕ್ಕೆ. ಬಲಗಡೆ ಬಿಳಿ ಬಟ್ಟೆ, ನೆರಳು ತೀರಾ ಕಪ್ಪಾಗದಿರಲೆಂದು. ದೊಡ್ಡಕ್ಕ ಒಂದು ಕೈಯನ್ನು ಕೆನ್ನೆಯ ಪಕ್ಕಕ್ಕೆ ಎತ್ತಿ, ದೂರದಲ್ಲಿರುವ ಯಾರನ್ನೋ ಬಾ ಎನ್ನುವ ಹಾಗೆ ಬೆರಳು ಬಿಡಿಸಿ ಕೂತಿದ್ದರು. ಒಳ್ಳೆಯ ಚಿತ್ರ. ಫ್ಲ್ಯಾಶ್ ಒಂದೊಂದು ಸಲ ಒಳ್ಳೆಯ ಚಿತ್ರ ತೆಗೆಯುತ್ತಾನೆ ಎಂದು ಅವನ ಅಮ್ಮನೇ ಒಪ್ಪಿಕೊಳ್ಳುತ್ತಿದ್ದರು.

ಚುಕ್ಕಿ ಕೆಲಸಕ್ಕೆ ಕೂತಳು. ಮೊದಲು ಎಂದಿನಂತೆ ಮುಖ ಶುಚಿ. ಆಮೇಲೆ ಚರ್ಮವನ್ನು ಕೂದಲಿನಿಂದ, ಕಣ್ಣಿನಿಂದ, ಬಟ್ಟೆಯಿಂದ ಬಿಡಿಸಬೇಕು. ಇದೇ ತಲೆನೋವಿನ ಕೆಲಸ. ಹಣೆಯ ಅಂಚಿನಲ್ಲಿ ನರೆಗೂದಲು ಒಂದೊಂದೇ ಎಳೆಯಾಗಿ ಚರ್ಮದ ಮೇಲೆ ಬಿದ್ದಿರುತ್ತದೆ. ಗೆರೆ ಒಂದಿಷ್ಟು ಆಚೆ ಹೋದರೂ ಕೂದಲು ನೀಲಿ, ಒಂದಿಷ್ಟು ಈಚೆ ಬಂದರೂ ಹಣೆಯ ಸುತ್ತ ಮೈಬಣ್ಣದ ಪಟ್ಟಿ. ಅವಳು ಮೆತ್ತನೆಯ ಕುಂಚ ಹಿಡಿದು ಎಳೆ ಎಳೆಯಾಗಿ ಬಿಡಿಸಿದಳು. ಕಣ್ಣಿನ ಬಿಳಿ, ಉಗುರು, ಬಾಯಿ ಸ್ವಲ್ಪ ತೆರೆದಿದ್ದಲ್ಲಿ ಕಾಣುವ ಹಲ್ಲು, ಇವಕ್ಕೆ ನೀಲಿ ತಾಗಬಾರದು. ತಾಗಿದರೆ ಬಣ್ಣದ ಡಬ್ಬಿಗೆ ಬಿದ್ದವರ ಹಾಗೆ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೆ ಮುಖದ ಮೇಲೆ ನೀಲಿಯ ಒಂದು ಪದರ ಹಾಕಿದಳು. ಬೆಳಕು ನೆರಳು ಕೆಳಗಿನದೇ ಉಳಿದು ಬಣ್ಣ ಮಾತ್ರ ಮೇಲಿನದಾಗುವ ಪದರ. ಸುಕ್ಕು ಇತ್ತು, ಚರ್ಮದ ರಂಧ್ರ ಇತ್ತು, ಮೂಗಿನ ಪಕ್ಕದ ನೆರಳು ಇತ್ತು. ಲೆಕ್ಕದ ಪ್ರಕಾರ ಎಲ್ಲವೂ ಇತ್ತು.

ಅತ್ತೆ ಚಹಾ ತಂದವರು ಬಾಗಿಲಲ್ಲೇ ನಿಂತರು. ಲೋಟವನ್ನು ಕೆಳಗಿಡಲೂ ಇಲ್ಲ.

"ಇದೇನೇ ಇದು," ಎಂದರು ತಗ್ಗಿದ ದನಿಯಲ್ಲಿ. "ದೊಡ್ಡಕ್ಕನ್ನ ನೀರಿಂದ ಎತ್ತಿ ದಡದ ಮೇಲೆ ಮಲಗಿಸಿದ ಹಾಗಿದೆ."

ಚುಕ್ಕಿಗೂ ಅದೇ ಅನ್ನಿಸಿತ್ತು, ಒಪ್ಪಿಕೊಂಡಿರಲಿಲ್ಲ. ನೀಲಿಯ ಗುಣವೇ ಹಾಗೆ. ತಣ್ಣಗಾದವರು ನೀಲಿಯಾಗುತ್ತಾರೆ, ಉಸಿರುಗಟ್ಟಿದವರು ನೀಲಿಯಾಗುತ್ತಾರೆ, ಪೆಟ್ಟುಬಿದ್ದ ಮೈ ನೀಲಿಯಾಗುತ್ತದೆ. ಮನುಷ್ಯರ ಕಣ್ಣಿಗೆ ಇದು ಹುಟ್ಟಿನಿಂದ ಗೊತ್ತು. ಮೇಲಾಗಿ ವಯಸ್ಸಾದ ಮುಖ. ಕಣ್ಣಿನ ಕೆಳಗಿನ ಗುಳಿ, ಕುತ್ತಿಗೆಯ ನೆರಳು ಎಲ್ಲ ಸೇರಿ ಕಡಲತಾಯಿಯನ್ನು ಹೆಣ ಮಾಡಿದ್ದವು. ಮ್ಯಾನೇಜರ್ ಸೊಸೆಯ ಫೋಟೊಗೂ ಅದೇ ಪದರ ಹಾಕಿದಳು. ಆ ಹುಡುಗಿ ಮುಖದ ತುಂಬ ಕ್ರೀಮು, ಪೌಡರು ಬಳಿದುಕೊಂಡೇ ಕೂತಿದ್ದಳು. ಅವಳು ಹೆಣವಾಗಲಿಲ್ಲ, ಬೊಂಬೆಯಾದಳು. ನಯವಾದ, ಅಂಗಡಿಯ ಗಾಜಿನ ಹಿಂದೆ ಇಡುವಂಥ ನೀಲಿ ಬೊಂಬೆ.

ಹೆಣಕ್ಕಿಂತ ಬೊಂಬೆ ಮೇಲು ಎಂದು ಮ್ಯಾನೇಜರ್ ಹೇಳುತ್ತಾರೆಂಬುದರಲ್ಲಿ ಚುಕ್ಕಿಗೆ ಅನುಮಾನವಿರಲಿಲ್ಲ.

ಮಾರನೆಯ ದಿನ ಬೇರೆ ದಾರಿ ಹಿಡಿದಳು. ಮೇಲೆ ಪದರ ಹಾಕುವ ಬದಲು, ಇರುವ ಬಣ್ಣವನ್ನೇ ಸುತ್ತಿಸಿ ನೀಲಿಗೆ ತರುವುದು. ಬಣ್ಣಗಳೆಲ್ಲ ಒಂದು ಚಕ್ರದಲ್ಲಿ ಕೂತಿವೆ ಎಂದುಕೊಳ್ಳಿ. ಮೈಬಣ್ಣ ಕೆಂಪಿಗೂ ಹಳದಿಗೂ ನಡುವೆ ಇದೆ, ನೀಲಿ ಅದರ ಎದುರು ಬದಿಯಲ್ಲಿದೆ. ಚಕ್ರ ತಿರುಗಿಸಿದರೆ ಎಲ್ಲವೂ ತಮ್ಮ ತಮ್ಮ ಅಂತರ ಬಿಡದೆ ಒಟ್ಟಿಗೆ ಆ ಬದಿಗೆ ಹೋಗುತ್ತವೆ. ಹಸಿರಿನ ಛಾಯೆಯಿರುವ ನೀಲಿ ಸಿಗುವಲ್ಲಿ ನಿಲ್ಲಿಸಿದಳು. ತೆರೆಯ ಮೇಲೆ ಝಗಮಗಿಸುವ ಕಡುನೀಲಿ ಕಾಗದಕ್ಕೆ ಇಳಿದಾಗ ನೇರಳೆಗೆ ತಿರುಗಿ ಮಂಕಾಗುತ್ತದೆ ಎಂದು ಪ್ರೆಸ್ಸಿನವರ ಹತ್ತಿರ ಬೈಸಿಕೊಂಡು ಕಲಿತಿದ್ದಳು. ಈ ಹಸಿರು ನೀಲಿ ಅಷ್ಟು ಕೈಕೊಡುವುದಿಲ್ಲ.

ಆದರೂ ಮುಖ ಹಾಗೇ ಇತ್ತು. ನಿನ್ನೆಗಿಂತ ಸ್ವಲ್ಪ ಮೇಲು, ಆದರೆ ಸತ್ತವರಲ್ಲಿ ಸ್ವಲ್ಪ ಮೇಲು ಎಂದರೇನು. ಫೋಟೊವೇ ಸರಿಯಿಲ್ಲ, ದೀಪ ಸರಿಯಿಲ್ಲ, ಗಂಡ ಸರಿಯಿಲ್ಲ ಎಂದು ಗೊಣಗಿಕೊಂಡಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಂದಿನ ಕೋಣೆಯಿಂದ ಅತ್ತೆ ಯಾರಿಗೂ ಅಲ್ಲದ ಹಾಗೆ ಹೇಳಿದರು.

ಬುಧವಾರ ಸಂಜೆ ಮ್ಯಾನೇಜರ್ ನೋಡಲು ಬಂದರು. ಕುರ್ಚಿ ಇಲ್ಲದ್ದರಿಂದ ಚುಕ್ಕಿಯ ಬೆನ್ನ ಹಿಂದೆ ನಿಂತು ಮೂಗಿನ ಮೇಲಿನ ಕನ್ನಡಕವನ್ನು ಏರಿಸಿದರು, ಇಳಿಸಿದರು. ಸೊಸೆಯ ಬೊಂಬೆಯನ್ನು ನೋಡಿ ತಲೆಯಾಡಿಸಿದರು. ಅಕ್ಕನ ಮುಖ ಬಂದಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮ್ಯಾನೇಜರ್ ಕೆಟ್ಟವರಲ್ಲ. ಅವರಿಗೂ ಅಕ್ಕ ಒಬ್ಬರೇ. ನಾಟಕ ಬಿದ್ದರೆ ಕಂಪನಿಯ ಜನರೆಲ್ಲ ನನ್ನ ಮುಖ ನೋಡುತ್ತಾರೆ, ಅಕ್ಕನನ್ನು ಈ ಸ್ಥಿತಿಯಲ್ಲಿ ಗೋಡೆಗೆ ಅಂಟಿಸಿದರೆ ಅಕ್ಕನಿಗೇ ಅವಮಾನ, ಸೊಸೆಯದನ್ನೇ ಕಳಿಸಿಬಿಡೋಣ ಎಂದರು. ಹೇಳುತ್ತ ಹೇಳುತ್ತ ತೆರೆಯ ಹತ್ತಿರಕ್ಕೆ ಬಗ್ಗಿದರು. ಬೆರಳು ಚಾಚಿದರು.

"ಅದಿರಲಿ ಕಣಮ್ಮ, ಈ ಕೈ ಯಾರದ್ದು?"

"ಯಾರದ್ದು ಅಂದ್ರೆ? ದೊಡ್ಡಕ್ಕಂದೇ."

"ಸುಳ್ಳು ಹೇಳಬೇಡ. ಮುಖ ಒಬ್ಬರದ್ದು, ಕೈ ಒಬ್ಬರದ್ದು. ಯಾರದ್ದೋ ಕೈ ತಂದು ಅಂಟಿಸಿದೀಯ. ನಾನೇನು ಕುರುಡನೇ?"

ಚುಕ್ಕಿಗೆ ಸಿಟ್ಟು ಬಂತು. ಆ ಕೈಗೆ ನೀಲಿ ಬಿಟ್ಟರೆ ಬೇರೇನೂ ಮಾಡಿಲ್ಲ, ಬೇಕಾದರೆ ಮನೆಗೆ ಹೋಗಿ ಈ ಬೆರಳಿನ ಉಂಗುರ ನಿಮ್ಮ ಅಕ್ಕನದೇ ಅಲ್ಲವೇ ನೋಡಿಕೊಳ್ಳಿ ಎಂದಳು. ಮ್ಯಾನೇಜರ್ ಗೊಣಗುತ್ತ ಹೊರಟರು. ನಾಳೆ ಸಂಜೆ ಅಕ್ಕನನ್ನೂ ಕರೆತರುತ್ತೇನೆ, ಅವಳ ಎದುರೇ ತೀರ್ಮಾನವಾಗಲಿ, ಆಮೇಲೆ ಬೆನ್ನ ಹಿಂದೆ ಮಾಡಿದ ಅನ್ನಬಾರದು ಎಂದು ಹೊಸ್ತಿಲಲ್ಲಿ ಹೇಳಿದರು.

ಅವರು ಹೋದ ಮೇಲೆ ಚುಕ್ಕಿ ಕೈಯನ್ನು ದೊಡ್ಡದು ಮಾಡಿ ನೋಡಿದಳು. ನೋಡುತ್ತ ಅವಳ ಸಿಟ್ಟು ಇಳಿಯಿತು. ಮ್ಯಾನೇಜರ್ ಹೇಳಿದ್ದು ನಿಜ. ಕೈಗೂ ಅದೇ ಚಕ್ರ ತಿರುಗಿತ್ತು, ಅದೇ ನೀಲಿ, ಅದೇ ದೀಪ. ಆದರೆ ಕೈ ಬೆಚ್ಚಗಿತ್ತು. ಗೆಣ್ಣುಗಳ ಮೇಲೆ ಹಸಿರು ಇಣುಕುತ್ತಿತ್ತು, ನರಗಳ ಪಕ್ಕದಲ್ಲಿ ಗಾಢ ನೀಲಿ, ಹೆಬ್ಬೆರಳಿನ ಬುಡದಲ್ಲಿ ಇನ್ನೊಂದು ಛಾಯೆ. ಆ ಕೈ ಈಗಲೇ ಅಲುಗಾಡುತ್ತದೆ ಎಂಬ ಹಾಗಿತ್ತು. ಅದರ ಪಕ್ಕದಲ್ಲೇ ಇದ್ದ ಕೆನ್ನೆ ಒಂದೇ ನೀಲಿ, ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಹಾಗೆ.

ಒಂದೇ ಚಿತ್ರದಲ್ಲಿ ಒಂದು ಬದುಕಿದೆ, ಒಂದು ಸತ್ತಿದೆ. ನಡುವೆ ತಾನು ಏನು ಮಾಡಿದೆ?

ಶುಚಿ ಮಾಡಿದ್ದಳು. ಮುಖವನ್ನು ಮಾತ್ರ. ಕೈಯನ್ನು ಯಾರು ಶುಚಿ ಮಾಡುತ್ತಾರೆ, ಪಾಸ್‌ಪೋರ್ಟ್ ಫೋಟೊದಲ್ಲಿ ಕೈ ಇರುವುದೇ ಇಲ್ಲ. ಚಿತ್ರ ತೆರೆದ ಕೂಡಲೇ, ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟೇ ಯೋಚನೆಯಿಲ್ಲದೆ, ಅವಳು ಮುಖದ ಕೆಂಪನ್ನೆಲ್ಲ ತೆಗೆದು ಒಂದೇ ಮೈಬಣ್ಣಕ್ಕೆ ತಂದಿದ್ದಳು. ಕೆನ್ನೆಯ ಮೇಲೆ ಒಡೆದ ಸಣ್ಣ ನರಗಳು, ವರ್ಷಗಟ್ಟಲೆ ಬಣ್ಣ ಹಚ್ಚಿ ಉಜ್ಜಿ ಉಜ್ಜಿ ಕೆಂಪಾದ ಮೂಗು, ಕಿವಿಯ ಹಾಲೆ, ರೆಪ್ಪೆಯ ಅಂಚು. ಜೊತೆಗೆ ಹಣೆಯ ಹಳದಿ. ಚಕ್ರ ತಿರುಗಿಸಿದರೆ ಅಂತರ ಉಳಿಯುತ್ತದೆ, ಸರಿ. ಆದರೆ ಅಂತರವನ್ನೇ ಮೊದಲು ಅಳಿಸಿಬಿಟ್ಟರೆ ಉಳಿಯುವುದಕ್ಕೆ ಏನಿದೆ? ಮುಖದಲ್ಲಿ ರಕ್ತ ಓಡಾಡುವ ಗುರುತೆಲ್ಲ ಆ ಕೆಂಪಿನಲ್ಲಿ ಇತ್ತು. ಸೊಸೆಯ ಮುಖದಲ್ಲಿ ಆ ಕೆಲಸವನ್ನು ಪೌಡರೇ ಮಾಡಿ ಮುಗಿಸಿತ್ತು. ದೊಡ್ಡಕ್ಕನ ಮುಖದಲ್ಲಿ ಚುಕ್ಕಿ ಮಾಡಿದ್ದಳು.

ಹಾಗಾದರೆ ಮೊದಲಿನ ಫೋಟೊ ತೆರೆದರಾಯಿತು. ಇಲ್ಲಿ ಇನ್ನೊಂದು ಅಭ್ಯಾಸ ಅಡ್ಡ ಬಂತು. ಶುಚಿ ಮಾಡಿದ ಮುಖವನ್ನು ಹಳೆಯದರ ಮೇಲೇ ಉಳಿಸುವುದು ಅವಳ ರೂಢಿ. ಮೊಡವೆ ಇರುವ ಪಾಸ್‌ಪೋರ್ಟ್ ಫೋಟೊವನ್ನು ಯಾರು ಜೋಪಾನ ಮಾಡುತ್ತಾರೆ? ಕಂಪ್ಯೂಟರಿನಲ್ಲಿ ದೊಡ್ಡಕ್ಕನ ಅಸಲಿ ಮುಖ ಇರಲಿಲ್ಲ. ಇದ್ದರೆ ಕ್ಯಾಮರಾದ ಕಾರ್ಡಿನಲ್ಲಿ. ಕ್ಯಾಮರಾ ಗಂಡನ ಕೊರಳಲ್ಲಿ. ಗಂಡ ಬೇರೆ ಊರಿನ ಮದುವೆಯಲ್ಲಿ, ಮತ್ತು ಮದುವೆಗೆ ಮೊದಲು ಹಳೆಯ ಕಾರ್ಡುಗಳನ್ನು ಖಾಲಿ ಮಾಡಿಕೊಳ್ಳುವುದು ಅವನ ರೂಢಿ. ಗಂಡ ಹೆಂಡತಿ ಇಬ್ಬರೂ ಅಚ್ಚುಕಟ್ಟಾದವರಾದರೆ ಮನೆಗೆ ಹೀಗೆ ಗ್ರಹಚಾರ ಬರುತ್ತದೆ.

ಫೋನ್ ಮಾಡಿದರೆ ಆ ಕಡೆ ವಾದ್ಯದ ಗದ್ದಲ. ಚುಕ್ಕಿ ಕೂಗಿ ಕೇಳಿದಳು, ಅವನು ಕೂಗಿ ಏನು ಎಂದ, ಇವಳು ಮತ್ತೆ ಕೂಗಿದಳು. ಮುಂದಿನ ಕೋಣೆಯಲ್ಲಿ ಕಾಲರ್ ಸರಿಮಾಡಿಸಿಕೊಳ್ಳುತ್ತಿದ್ದ ಗಿರಾಕಿ ಗಾಬರಿಯಾದ. ಕೊನೆಗೆ ಫ್ಲ್ಯಾಶ್ ಎಲ್ಲೋ ಅಡುಗೆಯವರ ಹಿಂದೆ ಹೋಗಿ ನಿಂತು ಮಾತಾಡಿದ. ಎಲ್ಲ ಕಾರ್ಡನ್ನೂ ಖಾಲಿ ಮಾಡಿದ್ದೇನೆ, ಒಂದನ್ನು ಬಿಟ್ಟು ಎಂದ. ಆ ಒಂದು ಯಾವುದು ಎಂದರೆ ದೊಡ್ಡಕ್ಕನದೇ. ಯಾಕೆ ಬಿಟ್ಟೆ ಎಂದು ಇವಳು ಕೇಳಿದಳು.

"ಚೆನ್ನಾಗಿ ಬಂದಿತ್ತು ಕಣೇ," ಎಂದ. "ಅಳಿಸೋಕೆ ಮನಸ್ಸಾಗಲಿಲ್ಲ."

ಬೆಳಿಗ್ಗೆ ಊರಿಗೆ ಬರುವ ಮೊದಲ ಬಸ್ಸಿನ ಡ್ರೈವರ್ ಕೈಯಲ್ಲಿ ಕಾರ್ಡು ಬಂತು, ಮದುವೆ ಮನೆಯ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ.

ಗುರುವಾರ ಬಾಗಿಲಿಗೆ ಗಿರಾಕಿ ಬಂದರೆ ಅತ್ತೆಯೇ ನಿಭಾಯಿಸಿದರು. ಚುಕ್ಕಿ ಅಸಲಿ ಮುಖವನ್ನು ತೆರೆದು ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಳು. ಕೈ ಬಿಟ್ಟರೆ ಅದು ತಾನಾಗಿಯೇ ಶುಚಿ ಮಾಡಲು ಹೊರಡುತ್ತದೆಂಬ ಭಯ. ಎಷ್ಟೋ ವರ್ಷದಿಂದ ಕಂಪನಿಯ ಫೋಟೊಗಳನ್ನು ಮಾಡುತ್ತಿದ್ದಳು. ದೊಡ್ಡಕ್ಕನ ಮುಖವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ ಎಂದುಕೊಂಡಿದ್ದಳು. ಈಗ ನೋಡಿದರೆ ತನಗೆ ಗೊತ್ತಿದ್ದದ್ದು ತಾನೇ ತೊಳೆದಿಟ್ಟ ಮುಖ. ಇದು ಬೇರೆ. ಬಲಗೆನ್ನೆಯ ಕೆಂಪು ಎಡಗೆನ್ನೆಯದಕ್ಕಿಂತ ಕೆಳಗಿತ್ತು. ಗದ್ದದ ಮೇಲೆ ಒಂದು ಕಡೆ ಬಣ್ಣವೇ ಇರಲಿಲ್ಲ. ತುಟಿಯ ಮೇಲಿನ ಸಣ್ಣ ಸಣ್ಣ ಗೆರೆಗಳಲ್ಲೂ ಕೆಂಪು ಸಿಕ್ಕಿಕೊಂಡಿತ್ತು.

ಚಕ್ರ ತಿರುಗಿಸಿದಳು. ಕೆಂಪು ಹೆಚ್ಚಿದ್ದ ಕೆನ್ನೆ, ಮೂಗು ಹಸಿರಿನ ಕಡೆಗೆ ವಾಲಿದವು. ಹಳದಿ ಹೆಚ್ಚಿದ್ದ ಹಣೆ, ಗದ್ದ ಗಾಢ ನೀಲಿಯ ಕಡೆಗೆ ಹೋದವು. ನಡುವೆ ಎಷ್ಟೋ ಮೆಟ್ಟಿಲು. ಮುಖದ ಒಳಗೆ ನೀರು ಆಳವಾಗುವ, ತೆಳುವಾಗುವ ಜಾಗಗಳಿದ್ದ ಹಾಗೆ ಕಂಡಿತು.

ಇನ್ನೂ ಮುಗಿದಿರಲಿಲ್ಲ. ಎಡಗೆನ್ನೆಯ ಮೂಳೆಯ ಮೇಲೆ, ಮೂಗಿನ ತುದಿಯಲ್ಲಿ, ನೀರು ಹನಿಯಾಗಿ ನಿಂತಲ್ಲಿ ದೀಪ ಮಿಂಚಿತ್ತು. ಆ ಮಿಂಚೂ ತಿರುಗಿ ನೀಲಿಯಾಗಿತ್ತು. ಚರ್ಮ ಯಾವ ಬಣ್ಣದ್ದಾದರೂ ಒದ್ದೆ ಮೈ ಮಿಂಚುವುದು ದೀಪದ ಬಣ್ಣದಲ್ಲೇ. ನೀಲಿ ತಟ್ಟೆಯ ಮೇಲೆ ಕಿಟಕಿಯ ಬೆಳಕು ಬಿದ್ದರೆ ಹೊಳಪು ನೀಲಿಯಾಗಿರುವುದಿಲ್ಲ. ಮಿಂಚಿದ್ದ ಜಾಗಗಳಲ್ಲೆಲ್ಲ ನೀಲಿಯನ್ನು ಹಿಂದಕ್ಕೆ ಸರಿಸಿ ಹಳದಿಯನ್ನು ವಾಪಸು ಬಿಟ್ಟಳು. ಕೂಡಲೇ ಮುಖದ ಎದುರು ಸೂರ್ಯ ಇದ್ದಾನೆ ಎಂದು ಗೊತ್ತಾಯಿತು. ಕಿವಿಯ ಹಾಲೆ, ರೆಪ್ಪೆಯಂಚು, ತುಟಿಗಳಲ್ಲಿ ನೀಲಿಯನ್ನು ತೆಳುಮಾಡಿ ಕೆಳಗಿನ ಕೆಂಪು ಸ್ವಲ್ಪ ಇಣುಕಲು ಬಿಟ್ಟಳು. ಅವು ಮಾಸಲು ನೇರಳೆಯಾದವು. ಕಣ್ಣಿನ ಬಿಳಿಗೆ ಅಂಚಿನಲ್ಲಿ ಮಾತ್ರ ನೆರಳಿನಷ್ಟು ನೀಲಿ. ಕೊನೆಗೆ ಬಿಳಿ ಬಟ್ಟೆಯ ಕುತ್ತಿಗೆಯ ಅಂಚು. ಅಲ್ಲಿ ಮೊದಲು ಮೈಬಣ್ಣದ ಪ್ರತಿಫಲನ ಬಿದ್ದಿತ್ತು. ನೀಲಿ ಕುತ್ತಿಗೆಯ ಪಕ್ಕದಲ್ಲಿರುವ ಬಿಳಿಗೆ ಗುಲಾಬಿ ಎಲ್ಲಿಂದ ಬರಬೇಕು? ಅದನ್ನೂ ತಿರುಗಿಸಿದಳು. ಆಮೇಲೆ ಒಂದು ಹಾಳೆ ಮುದ್ರಿಸಿ, ಹೊರಗಿನ ಬೆಳಕಿನಲ್ಲಿ ಹಿಡಿದು ನೋಡಿ, ನೆರಳುಗಳನ್ನು ಸ್ವಲ್ಪ ಎತ್ತಿದಳು. ಕಾಗದ ಯಾವಾಗಲೂ ತೆರೆಗಿಂತ ಕಪ್ಪು.

ಅತ್ತೆ ಆ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. ಅತ್ತೆ ಏನನ್ನೂ ಎರಡು ಸಲ ನೋಡುವುದು ಅಪರೂಪ.

ಸಂಜೆ ದೊಡ್ಡಕ್ಕ ತಮ್ಮನಿಗಿಂತ ಮೊದಲೇ ಬಂದರು. ರಂಗದ ಮೇಲೆ ಕಡೆಯ ಸಾಲಿಗೆ ಕೇಳುವ ದನಿ ಅವರದು. ಕೋಣೆಯೊಳಗೆ ಮಾತ್ರ ಮೆತ್ತಗೆ ಮಾತಾಡುತ್ತಿದ್ದರು, ಮನೆ ಮುರಿದುಬಿದ್ದೀತೆಂಬ ಹಾಗೆ. ಚುಕ್ಕಿ ತನ್ನ ಕುರ್ಚಿ ಬಿಟ್ಟುಕೊಟ್ಟು ಚಿತ್ರ ತೋರಿಸಿದಳು. ಒಪ್ಪುತ್ತಾರೆ, ಹಿಗ್ಗುತ್ತಾರೆ ಎಂದುಕೊಂಡಿದ್ದಳು.

ದೊಡ್ಡಕ್ಕ ನೋಡಿದರು. ಮುಖದ ಹತ್ತಿರ ಮುಖ ತಂದು ನೋಡಿದರು. ಆಮೇಲೆ ಹಿಂದಕ್ಕೆ ಒರಗಿ, ಇದು ತನ್ನ ಮುಖವಲ್ಲ ಎಂದರು. ಇಷ್ಟು ವರ್ಷ ಗೋಡೆ ಗೋಡೆಯ ಮೇಲೆ ನೋಡಿದ್ದೇನೆ, ನನ್ನ ಮುಖ ನನಗೆ ಗೊತ್ತಿಲ್ಲವೇ, ಮೂಗಿನ ಮೇಲೆ ಇದೇನಿದು, ಕೆನ್ನೆಯ ಮೇಲೆ ಬಲೆ ಬಲೆಯಾಗಿ ಇದೇನು ಎಂದು ಕೇಳಿದರು. ದನಿಯಲ್ಲಿ ನೋವಿತ್ತು. ನಿನ್ನನ್ನು ನಂಬಿದ್ದೆ ಎನ್ನುವ ನೋವು. ಚುಕ್ಕಿ ತಬ್ಬಿಬ್ಬಾದಳು. ತಮ್ಮನನ್ನು ಗೆಲ್ಲಬೇಕೆಂದು ಸಿದ್ಧವಾಗಿ ಕೂತವಳಿಗೆ ಅಕ್ಕನೇ ಎದುರು ನಿಂತಿದ್ದರು.

ಅವಳು ವಾದ ಮಾಡಲಿಲ್ಲ. ತೊಳೆದ ಮುಖದ ನೀಲಿಯನ್ನು ತಂದು ಪಕ್ಕದಲ್ಲಿಟ್ಟಳು. ದೊಡ್ಡಕ್ಕ ಅದನ್ನು ನೋಡಿದ ಕೂಡಲೇ ಕಣ್ಣು ತಪ್ಪಿಸಿದರು, ಯಾರೂ ತಮ್ಮ ಶವವನ್ನು ನೋಡಲು ಇಷ್ಟಪಡುವುದಿಲ್ಲ. ಚುಕ್ಕಿ ಮೆಲ್ಲಗೆ ಹೇಳಿದಳು. ಈ ಎರಡರಲ್ಲೂ ನೀಲಿ ಒಂದೇ, ಬೆಳಕು ಒಂದೇ. ಇದರಲ್ಲಿ ನಿಮ್ಮ ಮೂಗಿನ ಕೆಂಪು ಇಲ್ಲ, ಅದರಲ್ಲಿದೆ. ನಾನು ಇಷ್ಟು ವರ್ಷ ಪ್ರತಿ ಪೋಸ್ಟರಿನಲ್ಲೂ ನಿಮ್ಮ ಕೆಂಪನ್ನು ತೆಗೆಯುತ್ತಾ ಬಂದೆ. ಮೈಬಣ್ಣದ ಮುಖದಲ್ಲಿ ಅದು ನಡೆಯಿತು, ನೀಲಿಯಲ್ಲಿ ನಡೆಯುವುದಿಲ್ಲ.

ನೀಲಿಯನ್ನು ತೆಗೆದು ತೋರಿಸು ಎಂದರು ದೊಡ್ಡಕ್ಕ. ತೊಳೆಯದ ಮುಖ, ಮೈಬಣ್ಣದಲ್ಲಿ. ಚುಕ್ಕಿ ಹಿಂಜರಿದಳು. ತೋರಿಸು ಎಂದರು ಮತ್ತೆ. ತೋರಿಸಿದಳು.

ನೀಲಿ ಸರಿದು ಕೆಂಪು ಕೆನ್ನೆ, ಕೆಂಪು ಮೂಗು, ಕಣ್ಣಿನ ಕೆಳಗಿನ ಮಡಿಕೆಗಳು ಹೊರಬಂದವು. ದೊಡ್ಡಕ್ಕ ತಮ್ಮ ಮೂಗಿನ ಮೇಲೆ ಬೆರಳಾಡಿಸಿಕೊಂಡರು, ಚಿತ್ರದಲ್ಲಿದ್ದದ್ದು ಇಲ್ಲೂ ಇದೆಯೇ ಎಂದು ಮುಟ್ಟಿ ನೋಡುವವರ ಹಾಗೆ.

"ನಮ್ಮ ಮನೇಲಿ ಕನ್ನಡಿ ಮುಂದೆ ದೀಪ ಸಣ್ಣದಿದೆ," ಎಂದರು. "ಬೇಕೂಂತಲೇ ಸಣ್ಣದು ಹಾಕಿಸಿದ್ದೆ."

ಮುಂದಿನ ಕೋಣೆಯಲ್ಲಿ ಅತ್ತೆ ಯಾರಿಗೋ ಗದ್ದ ಎತ್ತಿ ಕೂರಲು ಹೇಳುತ್ತಿದ್ದರು. ದೊಡ್ಡಕ್ಕ ಇನ್ನೂ ಚಿತ್ರವನ್ನೇ ನೋಡುತ್ತಿದ್ದರು. ಪಾತ್ರ ಬೇಕಿದ್ದರೆ ಈ ಮುಖ ಗೋಡೆಗೆ ಹೋಗಬೇಕು, ಈ ಮುಖ ಬೇಡವೆಂದರೆ ಪಾತ್ರ ಸೊಸೆಗೆ ಹೋಗಬೇಕು. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತೆರೆಯ ಹಿಂದೆ ನಿಂತು ಇನ್ನೊಬ್ಬರ ಬಾಯಿಗೆ ಮಾತು ಕೊಡುತ್ತಾ ಇರಬಹುದು, ಅಲ್ಲಿ ದೀಪವೂ ಇಲ್ಲ, ಯಾರೂ ನೋಡುವುದೂ ಇಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದರು, ಪ್ರೆಸ್ಸಿನವನು ಫೋನ್ ಮೇಲೆ ಫೋನ್ ಮಾಡುತ್ತಿದ್ದಾನೆ ಎನ್ನುತ್ತಲೇ. ಕೋಣೆಯಲ್ಲಿ ಮೂವರಿಗೆ ಜಾಗವಿಲ್ಲದ್ದರಿಂದ ಬಾಗಿಲ ಚೌಕಟ್ಟಿನಲ್ಲೇ ನಿಂತರು. ತೆರೆಯ ಮೇಲೆ ಅಕ್ಕನ ತೊಳೆಯದ ಮುಖ ನೋಡಿ ಗೊಂದಲವಾಯಿತು. ಇದೇನು, ನೀಲಿ ಎಲ್ಲಿ, ಇದನ್ನೇ ಕಳಿಸುವುದೇ ಎಂದರು. ಚುಕ್ಕಿ ದೊಡ್ಡಕ್ಕನ ಕಡೆ ನೋಡಿದಳು, ಕೈ ಎತ್ತಲಿಲ್ಲ.

"ಹಾಕು," ಎಂದರು ದೊಡ್ಡಕ್ಕ. "ಅವನೂ ನೋಡಲಿ."

ಚುಕ್ಕಿ ಚಕ್ರ ತಿರುಗಿಸಿದಳು. ಕೆಂಪು ಹಸಿರಾಗುತ್ತ, ಹಳದಿ ನೀಲಿಯಾಗುತ್ತ ಮುಖದ ತುಂಬ ಕಡಲು ಬಂತು, ಎಡಗೆನ್ನೆಯ ಮೇಲೆ ಸೂರ್ಯ ಹಾಗೇ ಉಳಿದ. ಮ್ಯಾನೇಜರ್ ಕನ್ನಡಕ ಏರಿಸಿದರು. ಇಳಿಸಲಿಲ್ಲ. ಕೈ ಯಾರದ್ದೆಂದು ಈ ಸಲ ಕೇಳಲಿಲ್ಲ. ಅಕ್ಕನನ್ನು ನೋಡಿ, ಚಿತ್ರವನ್ನು ನೋಡಿ, ಮತ್ತೆ ಅಕ್ಕನನ್ನು ನೋಡಿದರು. ಬಹುಶಃ ಅವರೂ ಆ ಮುಖವನ್ನು ಸರಿಯಾಗಿ ನೋಡಿ ಬಹಳ ಕಾಲವಾಗಿತ್ತು.

"ವಯಸ್ಸು ಕಾಣ್ತದಲ್ಲೇ ಅಕ್ಕ," ಎಂದರು ಕೊನೆಗೆ, ದೂರುವ ದನಿಯಲ್ಲಲ್ಲ.

"ಕಾಣಲಿ ಬಿಡೋ. ಇಷ್ಟು ದಿನ ಕಾಣದ ಹಾಗೆ ಇದ್ದು ನಾನು ಪಡೆದದ್ದು ತೆರೆ ಹಿಂದಿನ ಜಾಗ."

ಮ್ಯಾನೇಜರ್ ಜೇಬಿನಿಂದ ಫೋನ್ ತೆಗೆದು ಪ್ರೆಸ್ಸಿಗೆ ಹಚ್ಚಿದರು. ಆ ಕಡೆಯವನು ತಡವಾಯಿತೆಂದು ರೇಗಿದ್ದು ಇಲ್ಲಿಗೂ ಕೇಳಿಸಿತು. ಈಗ ಬರುತ್ತದೆ, ನೀಲಿ ಮಂಕಾಗದ ಹಾಗೆ ನೋಡಿಕೋ, ಮೊದಲ ಹಾಳೆ ನಾನೇ ಬಂದು ನೋಡುತ್ತೇನೆ ಎಂದರು. ಯಾವ ಫೋಟೊ ಎಂದು ಅವನು ಕೇಳಿರಬೇಕು.

"ಅಕ್ಕಂದು," ಎಂದರು ಮ್ಯಾನೇಜರ್. "ಹೂಂ, ನಮ್ಮಕ್ಕಂದೇ."

ದೊಡ್ಡಕ್ಕ ಕುರ್ಚಿಯಿಂದ ಏಳುತ್ತ, ಸೊಸೆಗೆ ನಾನೇ ಹೇಳುತ್ತೇನೆ, ನೀನು ಹೇಳಿದರೆ ಹುಡುಗಿ ಅಳುವ ಹಾಗೆ ಮಾಡುತ್ತೀಯ ಎಂದು ತಮ್ಮನಿಗೆ ಹೇಳಿದರು. ಆಮೇಲೆ ಇಬ್ಬರೂ ಹಿಂದೆ ಮುಂದೆ ನಡೆಯುತ್ತ ಬೀದಿಗೆ ಇಳಿದರು. ನಾಳೆಯಿಂದ ತಾಲೀಮು ಎಷ್ಟು ಹೊತ್ತಿಗೆ, ತೆರೆಯ ಹಿಂದೆ ಮಾತು ನೆನಪಿಸುವುದಕ್ಕೆ ಯಾರನ್ನು ಹುಡುಕಬೇಕು ಎಂದು ದೊಡ್ಡಕ್ಕ ಕೇಳುತ್ತಿದ್ದರು. ಅವರ ದನಿ ಆ ಬೀದಿಯ ಕೊನೆಯ ಮನೆಗೂ ಕೇಳುವಂತಿತ್ತು.